ಅಪಾರ್ಟ್‌ಮೆಂಟ್ ವಿಮೆಗೆ ಕೊಟೇಶನ್ ಕೇಳುವ ಪತ್ರ: ಅದರಲ್ಲಿ ಏನಿರಬೇಕು, ಏಕಿರಬೇಕು

"ನಮ್ಮದು 96 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್. ಕಟ್ಟಡ, ಲಿಫ್ಟ್ ಮತ್ತು ಪಬ್ಲಿಕ್ ಲಯಬಿಲಿಟಿ ಸೇರಿಸಿ ವಿಮೆಯ ಕೊಟೇಶನ್ ಕಳುಹಿಸಿ." ಬಹುತೇಕ ಅಸೋಸಿಯೇಷನ್‌ಗಳ ಪತ್ರ ಇಷ್ಟರಲ್ಲೇ ಮುಗಿಯುತ್ತದೆ. ಹೀಗೆ ಕೇಳಿದರೆ ಬರುವ ಮೂರು ಕೊಟೇಶನ್‌ಗಳಲ್ಲಿ ಒಂದರ ಪ್ರೀಮಿಯಂ ಇನ್ನೊಂದರ ದುಪ್ಪಟ್ಟು ಇರುವುದುಂಟು. ಅದಕ್ಕೆ ಕಂಪನಿಯ ದುರಾಸೆಯಾಗಲಿ ಔದಾರ್ಯವಾಗಲಿ ಕಾರಣವಲ್ಲ. ಪತ್ರ ಹೇಳದೆ ಬಿಟ್ಟದ್ದನ್ನು ಪ್ರತಿಯೊಂದು ಕಂಪನಿಯೂ ತನಗೆ ತೋಚಿದಂತೆ ತುಂಬಿಕೊಂಡಿರುತ್ತದೆ. ಒಬ್ಬರು ಬೇಸ್‌ಮೆಂಟ್ ಬಿಟ್ಟಿರುತ್ತಾರೆ, ಇನ್ನೊಬ್ಬರು ಲಿಫ್ಟನ್ನು ಕಟ್ಟಡದ ಭಾಗವೆಂದಷ್ಟೇ ಎಣಿಸಿ ಅದರ ಯಂತ್ರ ಕೆಟ್ಟರೆ ಏನೆಂದು ನೋಡಿಯೇ ಇರುವುದಿಲ್ಲ. ಕಮಿಟಿ ಮಾತ್ರ ಕೊನೆಯ ಸಾಲಿನ ಮೊತ್ತ ನೋಡಿ ಕಡಿಮೆಯದಕ್ಕೆ ಸಹಿ ಹಾಕುತ್ತದೆ.

ಆದ್ದರಿಂದ ವಿಮೆಯ ಮೊತ್ತ, ಲಿಫ್ಟಿನ ರಕ್ಷಣೆ, ಹೊಣೆಗಾರಿಕೆಯ ಮಿತಿ ಈ ಮೂರನ್ನೂ ಪತ್ರದಲ್ಲಿ ನಾವೇ ನಿಗದಿ ಮಾಡಬೇಕು. ಉದಾಹರಣೆಗೆ ಬೆಂಗಳೂರಿನ ಒಂದು ಮಾದರಿ ಅಪಾರ್ಟ್‌ಮೆಂಟ್ ಇಟ್ಟುಕೊಳ್ಳೋಣ: ಎರಡು ಬ್ಲಾಕ್, ಒಂದು ಬೇಸ್‌ಮೆಂಟ್, 96 ಫ್ಲ್ಯಾಟ್, ನಾಲ್ಕು ಲಿಫ್ಟ್.

ಮೊತ್ತ ಎಲ್ಲಿಂದ ಬರುತ್ತದೆ

ಫ್ಲ್ಯಾಟಿನ ಮಾರಾಟದ ಬೆಲೆಯನ್ನು 96ರಿಂದ ಗುಣಿಸಬೇಡಿ. ಆ ಬೆಲೆಯಲ್ಲಿ ಜಾಗದ ಬೆಲೆ ಇದೆ, ಬಿಲ್ಡರ್ ಲಾಭ ಇದೆ. ಕಟ್ಟಡ ಸುಟ್ಟರೂ ಕುಸಿದರೂ ಜಾಗ ಅಲ್ಲೇ ಇರುತ್ತದೆ. ವಿಮೆಗೆ ಬೇಕಾದ ಲೆಕ್ಕ ಒಂದೇ: ಇದೇ ಕಟ್ಟಡವನ್ನು ಇಂದಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕು? ಕಟ್ಟುವ ಖರ್ಚಿನ ಮೇಲಿನ ಜಿಎಸ್‌ಟಿಯನ್ನೂ ಅದರಲ್ಲಿ ಸೇರಿಸಿ. ನಾಳೆ ಕಂಟ್ರ್ಯಾಕ್ಟರ್ ಕೊಡುವ ಬಿಲ್ಲಿನಲ್ಲಿ ಅದು ಇದ್ದೇ ಇರುತ್ತದೆ.

ಮಂಜೂರಾದ ನಕ್ಷೆಯಿಂದ ವಿಸ್ತೀರ್ಣ ತೆಗೆಯಿರಿ. ನಮ್ಮ ಮಾದರಿಯಲ್ಲಿ ಲಾಬಿ, ಮೆಟ್ಟಿಲು, ಲಿಫ್ಟ್ ಶಾಫ್ಟ್ ಸೇರಿದಂತೆ ಎರಡೂ ಬ್ಲಾಕಿನ ಮಹಡಿಗಳು 1,40,000 ಚದರಡಿ. ಚದರಡಿಗೆ ₹2,600 ಹಿಡಿದರೆ ₹36.40 ಕೋಟಿ. ಬೇಸ್‌ಮೆಂಟ್ 38,000 ಚದರಡಿ, ₹1,800ರಂತೆ ₹6.84 ಕೋಟಿ. ಕಾಂಪೌಂಡ್, ಸಂಪು, ಓವರ್‌ಹೆಡ್ ಟ್ಯಾಂಕ್, ಒಳರಸ್ತೆ, ಎಸ್‌ಟಿಪಿಯ ಕಟ್ಟಡ ಭಾಗ ₹1.20 ಕೋಟಿ. ಇಲ್ಲಿಗೆ ₹44.44 ಕೋಟಿ. ಮೇಲೆ ನಾಲ್ಕು ಲಿಫ್ಟ್ ₹96 ಲಕ್ಷ, ಜನರೇಟರ್, ಟ್ರಾನ್ಸ್‌ಫಾರ್ಮರ್, ಪ್ಯಾನಲ್ ₹90 ಲಕ್ಷ, ಪಂಪು, ಅಗ್ನಿಶಾಮಕ ಮತ್ತು ಎಸ್‌ಟಿಪಿ ಯಂತ್ರ ₹60 ಲಕ್ಷ, ಸಿಸಿಟಿವಿ ಇತ್ಯಾದಿ ₹20 ಲಕ್ಷ. ಒಟ್ಟು ₹47.10 ಕೋಟಿ. ದರಗಳು ಇಲ್ಲಿ ಉದಾಹರಣೆಗೆ ಮಾತ್ರ. ನಿಮ್ಮ ಕಟ್ಟಡದ ದರವನ್ನು ಒಬ್ಬ ಸಿವಿಲ್ ಎಂಜಿನಿಯರ್ ಅಥವಾ ನೋಂದಾಯಿತ ವ್ಯಾಲ್ಯೂಯರ್ ಬರಹದಲ್ಲಿ ಕೊಡಲಿ. ಮುಂದೆ ನಷ್ಟ ಅಳೆಯಲು ಬರುವ ಸರ್ವೇಯರ್ "ಈ ಮೊತ್ತ ಎಲ್ಲಿಂದ ಬಂತು?" ಎಂದರೆ ತೋರಿಸಲು ಆ ಕಾಗದ ಬೇಕು.

ಮೊತ್ತ ಕಡಿಮೆ ತೋರಿಸಿದರೆ ಪ್ರೀಮಿಯಂ ಇಳಿಯುತ್ತದೆ, ನಿಜ. ಆದರೆ ಇಡೀ ಕಟ್ಟಡವೇನೂ ಬೀಳುವುದಿಲ್ಲವಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಏಳು ವರ್ಷದ ಹಿಂದಿನ ₹30 ಕೋಟಿಯನ್ನೇ ನವೀಕರಿಸುತ್ತ ಬಂದಿದ್ದೀರಿ ಎನ್ನಿ. ಎಲೆಕ್ಟ್ರಿಕಲ್ ರೂಮಿನಲ್ಲಿ ಬೆಂಕಿ ಬಿದ್ದು ₹20 ಲಕ್ಷ ನಷ್ಟವಾಯಿತು. ಕಟ್ಟಡದ ಮೌಲ್ಯ ₹47.10 ಕೋಟಿ ಎಂದು ಸರ್ವೇಯರ್ ಕಂಡುಕೊಂಡರೆ, ನೀವು ವಿಮೆ ಮಾಡಿಸಿದ್ದು ಶೇ 64ರಷ್ಟನ್ನು ಮಾತ್ರ, ಆದ್ದರಿಂದ ನಷ್ಟದಲ್ಲೂ ಅಷ್ಟೇ ಪಾಲು ಎನ್ನುತ್ತಾರೆ: 20 × 30 ÷ 47.10, ಅಂದರೆ ₹12.74 ಲಕ್ಷ. ಉಳಿದ ₹7.26 ಲಕ್ಷ ಅಸೋಸಿಯೇಷನ್ನಿನ ಕೈಯಿಂದ. ಪ್ರತಿ ಕ್ಲೇಮಿನಲ್ಲೂ ನಾವೇ ಭರಿಸಬೇಕೆಂದು ಎಕ್ಸೆಸ್ ಹೆಸರಿನಲ್ಲಿ ಕಡಿಯುವ ಮೊತ್ತ ಬೇರೆ. ಚಿಕ್ಕ ನಷ್ಟಕ್ಕೂ ಈ ಕತ್ತರಿ ಬೀಳುತ್ತದೆ ಎಂಬುದೇ ಬಹಳ ಜನರಿಗೆ ಕ್ಲೇಮಿನ ದಿನದವರೆಗೂ ಗೊತ್ತಿರುವುದಿಲ್ಲ.

ಈ ಕತ್ತರಿ ಎಷ್ಟು ಹರಿತ ಎಂಬುದು ಯಾವ ಪಾಲಿಸಿ ಎಂಬುದರ ಮೇಲೆ ನಿಂತಿದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಮೂರು ಪ್ರಮಾಣಿತ ಪಾಲಿಸಿಗಳನ್ನು ಜಾರಿಗೆ ತಂದಿದೆ. ವಾಸದ ಕಟ್ಟಡಗಳಿಗೆ ಭಾರತ್ ಗೃಹ ರಕ್ಷಾ. ವ್ಯವಹಾರದ ಆಸ್ತಿಗಳಿಗೆ ₹5 ಕೋಟಿವರೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದಕ್ಕೆ ಮೇಲೆ ₹50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಗೃಹ ರಕ್ಷಾದಲ್ಲಿ ವಿಸ್ತೀರ್ಣ ಮತ್ತು ವಿವರಗಳನ್ನು ಸರಿಯಾಗಿ ಕೊಟ್ಟಿದ್ದರೆ ಕಡಿಮೆ ವಿಮೆಯ ಕಡಿತವನ್ನು ಬಿಟ್ಟುಕೊಡಲಾಗುತ್ತದೆ. ಲಘು ಉದ್ಯಮದಲ್ಲಿ ಕೊರತೆ ಶೇ 15ರ ಒಳಗಿದ್ದರೆ ಮಾತ್ರ ಮಾಫಿ. ಮೇಲಿನ ಉದಾಹರಣೆಯಲ್ಲಿ ಕೊರತೆ ಶೇ 36, ಮಾಫಿ ಸಿಗದು. ಹಾಗಾಗಿ ವಾಸದ ಅಪಾರ್ಟ್‌ಮೆಂಟಿಗೆ ಗೃಹ ರಕ್ಷಾದ ಅಡಿಯಲ್ಲೇ ಕೊಟೇಶನ್ ಕೇಳುವುದು ನ್ಯಾಯ. ಒಂದು ಎಚ್ಚರಿಕೆ: ಆ ಪಾಲಿಸಿಯ ಲೆಕ್ಕ ಕಾರ್ಪೆಟ್ ಏರಿಯಾದ ಮೇಲೆ ನಡೆಯುತ್ತದೆ. ಲಾಬಿ, ಮೆಟ್ಟಿಲು, ಬೇಸ್‌ಮೆಂಟ್ ಕಾರ್ಪೆಟ್ ಏರಿಯಾದಲ್ಲಿ ಬರುವುದಿಲ್ಲ. ಅವುಗಳ ಮೌಲ್ಯವೂ ಸೇರಿದೆ ಎಂದು ಪಾಲಿಸಿಯ ಷೆಡ್ಯೂಲ್‌ನಲ್ಲಿ ಹೆಸರು ಹಿಡಿದು ಬರೆಸಿಕೊಳ್ಳಬೇಕು.

ಲಿಫ್ಟಿಗೆ ಒಂದೇ ವಿಮೆ ಸಾಲದು

"ಲಿಫ್ಟ್ ಸೇರಿಸಿ" ಎಂಬ ಎರಡು ಪದ ಕ್ಲೇಮಿನ ಹೊತ್ತಿಗೆ ನಾಲ್ಕು ಬೇರೆ ಬೇರೆ ಅರ್ಥ ಕೊಡುತ್ತದೆ.

ಜೋರು ಮಳೆಯ ರಾತ್ರಿ ರಸ್ತೆಯ ನೀರು ರ‍್ಯಾಂಪಿನಿಂದ ಇಳಿದು ಬೇಸ್‌ಮೆಂಟ್ ತುಂಬಿತು, ಲಿಫ್ಟ್ ಪಿಟ್ ಮುಳುಗಿ ಬಫರ್ ಸ್ವಿಚ್ಚು, ವೈರಿಂಗ್, ಕೆಳಗೆ ನಿಂತಿದ್ದ ಕ್ಯಾಬಿನ್ ಹಾಳಾದವು. ಇದು ಪ್ರವಾಹದ ನಷ್ಟ. ಲಿಫ್ಟಿನ ಮೌಲ್ಯ ಕಟ್ಟಡದ ಪಾಲಿಸಿಯಲ್ಲಿ ಸೇರಿದ್ದರೆ ಹಣ ಬರುತ್ತದೆ. ಸಂಪು ಅಥವಾ ಟ್ಯಾಂಕ್ ತುಂಬಿ ಹರಿದರೂ ಅದೇ ಪಾಲಿಸಿ. ಆದರೆ ಗೋಡೆಯಿಂದ ತಿಂಗಳುಗಟ್ಟಲೆ ಅಂತರ್ಜಲ ಒಸರಿ ಪಿಟ್ಟಿನಲ್ಲಿ ತುಕ್ಕು ಹಿಡಿದದ್ದಕ್ಕೆ ಯಾವ ಪಾಲಿಸಿಯೂ ಕೊಡುವುದಿಲ್ಲ. ಅದು ರಿಪೇರಿಯ ಬಾಬ್ತು.

ಎರಡನೆಯದು, ವೋಲ್ಟೇಜ್ ಏರಿಳಿತದಿಂದ ಕಂಟ್ರೋಲರಿನ ಡ್ರೈವ್ ಸುಟ್ಟಿತು. ಹೊಗೆ ಬಂತು, ಕಪ್ಪಾಯಿತು, ಎಲ್ಲರೂ ಇದನ್ನು ಬೆಂಕಿ ಎಂದೇ ಕರೆಯುತ್ತಾರೆ. ಪಾಲಿಸಿ ಹಾಗೆ ಕರೆಯುವುದಿಲ್ಲ. ಶಾರ್ಟ್ ಸರ್ಕ್ಯೂಟ್, ಅತಿಯಾದ ವಿದ್ಯುತ್ ಒತ್ತಡ, ಆರ್ಕಿಂಗ್, ತಾನಾಗಿ ಬಿಸಿಯಾಗುವುದು ಇವುಗಳಿಂದ ಅದೇ ಉಪಕರಣಕ್ಕೆ ಆದ ಹಾನಿಯನ್ನು ಬೆಂಕಿ ವಿಮೆ ಹೊರಗಿಡುತ್ತದೆ. ಡ್ರೈವಿನಿಂದ ಬೆಂಕಿ ಪಕ್ಕದ ಪ್ಯಾನಲ್‌ಗೆ, ಗೋಡೆಗೆ ಹಬ್ಬಿದರೆ ಆ ಭಾಗಕ್ಕೆ ಹಣ ಬರುತ್ತದೆ, ಡ್ರೈವಿಗೆ ಬರುವುದಿಲ್ಲ. ಡ್ರೈವಿಗೆ ಬೇಕಾದದ್ದು ಮಷಿನರಿ ಬ್ರೇಕ್‌ಡೌನ್ ಪಾಲಿಸಿ. "ನಮ್ಮದು ಕಾಂಪ್ರಿಹೆನ್ಸಿವ್ ಎಎಂಸಿ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ" ಎನ್ನುವವರು ಒಪ್ಪಂದದ ಹಿಂಬದಿ ಓದಿ ನೋಡಬೇಕು. ವೋಲ್ಟೇಜ್, ನೀರು, ದುರ್ಬಳಕೆ ಇವುಗಳಿಂದಾದ ಹಾನಿಯನ್ನು ಸಾಮಾನ್ಯವಾಗಿ ಅಲ್ಲಿ ಹೊರಗಿಟ್ಟಿರುತ್ತಾರೆ. ಎಎಂಸಿಯೂ ಬೆಂಕಿ ವಿಮೆಯೂ ಕೈಬಿಡುವ ಆ ಜಾಗಕ್ಕೇ ಮಷಿನರಿ ಬ್ರೇಕ್‌ಡೌನ್ ಬೇಕಾಗುವುದು. ಇದರಲ್ಲೂ ಮೊತ್ತ ಹೊಸ ಲಿಫ್ಟಿನ ಇಂದಿನ ಬೆಲೆ, ಸಾಗಣೆ, ಜೋಡಣೆ ಎಲ್ಲ ಸೇರಿ ಇರಬೇಕು. ಹತ್ತು ವರ್ಷದ ಹಳೆಯ ಲಿಫ್ಟ್ ಎಂದು ಅರ್ಧ ಬೆಲೆ ತೋರಿಸಿದರೆ ಕ್ಲೇಮಿನಲ್ಲಿಯೂ ಅರ್ಧವೇ.

ಮೂರನೆಯದು ಹಗ್ಗ. ಸವೆದ ಉಕ್ಕಿನ ರೋಪ್, ಬೆಲ್ಟ್, ಎಣ್ಣೆ ಇವನ್ನು ಮಷಿನರಿ ಪಾಲಿಸಿಯೂ ಹೊರಗಿಡುತ್ತದೆ. ಇದು ಎಎಂಸಿಯವರ ಕೆಲಸ.

ನಾಲ್ಕನೆಯದು, ಲಿಫ್ಟ್ ಮಹಡಿಗೆ ಸಮನಾಗಿ ನಿಲ್ಲದೆ ಯಾರೋ ಎಡವಿ ಸೊಂಟ ಮುರಿದುಕೊಂಡದ್ದು. ಅದಕ್ಕೆ ಮೇಲಿನ ಯಾವುದೂ ಅಲ್ಲ, ಪಬ್ಲಿಕ್ ಲಯಬಿಲಿಟಿ ಬೇಕು.

ಹೊಣೆಗಾರಿಕೆ: ಯಾರು ಮೂರನೆಯವರು?

ಮೊದಲು ಒಂದು ಗೊಂದಲ ಬಿಡಿಸಬೇಕು. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆಯ ಪಾಲಿಸಿ ಅಪಾಯಕಾರಿ ರಾಸಾಯನಿಕ ನಿರ್ವಹಿಸುವವರಿಗೆ. ಹೆಸರು ಒಂದೇ ಎಂದು ಅದರ ಕೊಟೇಶನ್ ಬಂದದ್ದೂ ಉಂಟು. ಅಪಾರ್ಟ್‌ಮೆಂಟಿಗೆ ಬೇಕಾದದ್ದು ನಾನ್-ಇಂಡಸ್ಟ್ರಿಯಲ್ ಪಬ್ಲಿಕ್ ಲಯಬಿಲಿಟಿ ಪಾಲಿಸಿ. ಪತ್ರದಲ್ಲಿ ಹೀಗೆಯೇ ಬರೆಯಿರಿ. ಅಸೋಸಿಯೇಷನ್ನಿನ ನಿರ್ಲಕ್ಷ್ಯದಿಂದ ಮೂರನೆಯವರಿಗೆ ಪೆಟ್ಟಾದರೆ, ಆಸ್ತಿ ಹಾಳಾದರೆ ಕಾನೂನಿನಂತೆ ಕೊಡಬೇಕಾದ ಪರಿಹಾರವನ್ನೂ ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚನ್ನೂ ಅದು ಕೊಡುತ್ತದೆ.

ಸಮಸ್ಯೆ ಇರುವುದು "ಮೂರನೆಯವರು" ಎಂಬಲ್ಲಿ. ಡೆಲಿವರಿ ಹುಡುಗ, ಮನೆಗೆ ಬಂದ ನೆಂಟರು ಮೂರನೆಯವರು, ಅದರಲ್ಲಿ ಅನುಮಾನವಿಲ್ಲ. ಫ್ಲ್ಯಾಟಿನ ಮಾಲೀಕರು? ಅವರು ಅಸೋಸಿಯೇಷನ್ನಿನ ಸದಸ್ಯರು, ಕಾಮನ್ ಏರಿಯಾದಲ್ಲಿ ಅವರಿಗೂ ಅವಿಭಜಿತ ಪಾಲಿದೆ. ವಿಮೆ ಪಡೆದವರಲ್ಲಿ ನೀವೂ ಒಬ್ಬರು ಎಂದು ಕಂಪನಿ ವಾದಿಸಿದರೆ, ಲಿಫ್ಟನ್ನು ದಿನಕ್ಕೆ ಹತ್ತು ಸಲ ಬಳಸುವವರೇ ಹೊರಗುಳಿಯುತ್ತಾರೆ. ಸದಸ್ಯರು, ಅವರ ಕುಟುಂಬದವರು, ಬಾಡಿಗೆದಾರರು, ಮನೆಗೆಲಸದವರು ಎಲ್ಲರನ್ನೂ ಮೂರನೆಯವರೆಂದು ಪರಿಗಣಿಸುವುದಾಗಿ ಪಾಲಿಸಿಯಲ್ಲೇ ಒಂದು ಸಾಲು ಬೇಕು. ಈ ಸಾಲು ಸಿಗದಿದ್ದರೆ ಆ ಕೊಟೇಶನ್ ಎಷ್ಟು ಅಗ್ಗವಾಗಿದ್ದರೂ ಬದಿಗಿಡುವುದೇ ಲೇಸು.

ಅಸೋಸಿಯೇಷನ್ನಿನ ಸ್ವಂತ ನೌಕರರಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರದ ವಿಮೆ ಬೇರೆ ಬೇಕು. ಸೆಕ್ಯುರಿಟಿ, ಹೌಸ್‌ಕೀಪಿಂಗ್ ಏಜೆನ್ಸಿಯವರಿಂದ ಅವರ ಪಾಲಿಸಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಎಸ್‌ಟಿಪಿ ಟ್ಯಾಂಕಿಗೆ ಇಳಿದ ಏಜೆನ್ಸಿ ಕೆಲಸಗಾರನಿಗೆ ಅನಾಹುತವಾದರೆ ಹೊಣೆ ಮುಖ್ಯ ಉದ್ಯೋಗದಾತನಾದ ಅಸೋಸಿಯೇಷನ್ನಿನ ಬಾಗಿಲಿಗೂ ಬರುತ್ತದೆ.

ಮಿತಿ ಎಷ್ಟಿರಬೇಕು? ₹10 ಲಕ್ಷ, ₹25 ಲಕ್ಷ ಎಂದು ಬರೆಯುವ ವಾಡಿಕೆ ಇದೆ. ಒಂದು ಲೆಕ್ಕ ಮಾಡಿ ನೋಡೋಣ. ಮೋಟಾರು ಅಪಘಾತದ ಪರಿಹಾರಕ್ಕೆ ನ್ಯಾಯಾಲಯಗಳು ಬಳಸುವ ಗುಣಕ ಪದ್ಧತಿ ಬೇರೆ ಅಪಘಾತಗಳಲ್ಲಿಯೂ ಅಳತೆಗೋಲಾಗುತ್ತದೆ. ತಿಂಗಳಿಗೆ ₹60,000 ದುಡಿಯುವ, ಹೆಂಡತಿ ಮತ್ತು ಮಗು ಇರುವ 34 ವರ್ಷದವರೊಬ್ಬರು ಸತ್ತರು ಎನ್ನಿ. ವರ್ಷಕ್ಕೆ ₹7.20 ಲಕ್ಷ, ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆದರೆ ₹4.80 ಲಕ್ಷ, 31ರಿಂದ 35ರ ವಯಸ್ಸಿಗೆ ಗುಣಕ 16. ಅಲ್ಲಿಗೆ ₹76.80 ಲಕ್ಷ. ಮುಂದೆ ಆದಾಯ ಏರುತ್ತಿತ್ತು ಎಂಬ ಹೆಚ್ಚಳ ಸೇರಿಸಿದರೆ ಕೋಟಿ ದಾಟುತ್ತದೆ. ಆದ್ದರಿಂದ ಒಂದು ಅಪಘಾತಕ್ಕೆ ₹1 ಕೋಟಿ, ವರ್ಷಕ್ಕೆ ಒಟ್ಟು ₹2 ಕೋಟಿ ಎಂಬುದು ಈ ಗಾತ್ರದ ಅಪಾರ್ಟ್‌ಮೆಂಟಿಗೆ ಅತಿಯೇನಲ್ಲ. ವಕೀಲರ ಖರ್ಚು ಈ ಮಿತಿಯ ಒಳಗೋ ಹೊರಗೋ ಎಂದೂ ಕೇಳಬೇಕು.

ಇನ್ನೆರಡು ಸೂಕ್ಷ್ಮಗಳಿವೆ. ಈ ಪಾಲಿಸಿ ಸಾಮಾನ್ಯವಾಗಿ "ಕ್ಲೇಮ್ಸ್ ಮೇಡ್" ರೀತಿಯದು. ಅಪಘಾತ ಪಾಲಿಸಿಯಲ್ಲಿ ನಮೂದಿಸಿದ ರೆಟ್ರೋಆ್ಯಕ್ಟಿವ್ ದಿನಾಂಕದ ನಂತರ ಆಗಿರಬೇಕು, ಕ್ಲೇಮು ಪಾಲಿಸಿ ಚಾಲ್ತಿಯಲ್ಲಿರುವಾಗ ಬರಬೇಕು. ಕಂಪನಿ ಬದಲಿಸುವಾಗ ಹಳೆಯ ದಿನಾಂಕವನ್ನೇ ಮುಂದುವರಿಸಿ ಎಂದು ಕೇಳದಿದ್ದರೆ, ಕಳೆದ ವರ್ಷದ ಅಪಘಾತಕ್ಕೆ ಈ ವರ್ಷ ಬಂದ ನೋಟಿಸು ಎರಡೂ ಪಾಲಿಸಿಗಳಿಂದ ಜಾರಿಹೋಗುತ್ತದೆ. ಇನ್ನೊಂದು: ಗೊತ್ತಿದ್ದೂ ಕಾನೂನು ಪಾಲಿಸದಿರುವುದರಿಂದ ಆದ ಹೊಣೆ ಹೊರಗಿರುತ್ತದೆ. ಕರ್ನಾಟಕದಲ್ಲಿ ಲಿಫ್ಟಿಗೆ 2012ರ ಲಿಫ್ಟ್, ಎಸ್ಕಲೇಟರ್ ಕಾಯ್ದೆಯಡಿ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು. ಲೈಸೆನ್ಸ್ ಮುಗಿದಿದೆ, ನವೀಕರಿಸಲು ನೋಟಿಸು ಬಂದಿದೆ, ಆದರೂ ಲಿಫ್ಟ್ ಓಡುತ್ತಿತ್ತು ಎಂದಾದರೆ ಕಂಪನಿಯ ಕೈಗೆ ನಾವೇ ಆಯುಧ ಕೊಟ್ಟಂತೆ.

ಪತ್ರದ ಕರಡು

ಕಂಪನಿಗೆ ಇಂಗ್ಲಿಷಿನಲ್ಲಿ ಕಳುಹಿಸುವುದಾದರೂ ಸಾಮಾನ್ಯ ಸಭೆಯಲ್ಲಿ ಓದಲು ಕನ್ನಡದ ಕರಡು ಉಪಯೋಗಕ್ಕೆ ಬರುತ್ತದೆ. ಪ್ರೀಮಿಯಂ ಎಲ್ಲರ ಮೆಂಟೆನೆನ್ಸ್ ಹಣದಿಂದ ತಾನೇ ಹೋಗುವುದು.

> ಇವರಿಗೆ: ಶಾಖಾ ವ್ಯವಸ್ಥಾಪಕರು, ……… ಜನರಲ್ ಇನ್ಶೂರೆನ್ಸ್ ಕಂಪನಿ, ಬೆಂಗಳೂರು
>
> ವಿಷಯ: ವಸತಿ ಸಮುಚ್ಚಯದ ಕಟ್ಟಡ, ಲಿಫ್ಟ್, ಕಾಮನ್ ಏರಿಯಾ ಮತ್ತು ಹೊಣೆಗಾರಿಕೆ ವಿಮೆಗೆ ಕೊಟೇಶನ್ ಕೋರಿಕೆ
>
> ಮಾನ್ಯರೇ,
>
> ನಮ್ಮ ಈಗಿನ ಪಾಲಿಸಿ ……… ರಂದು ಮುಗಿಯುತ್ತದೆ. ಮರುದಿನದಿಂದ ಒಂದು ವರ್ಷಕ್ಕೆ ಈ ಕೆಳಗಿನಂತೆ ಕೊಟೇಶನ್ ಕೊಡಬೇಕೆಂದು ಕೋರುತ್ತೇವೆ. ವಿಮೆ ಪಡೆಯುವವರ ಹೆಸರು: ನೋಂದಣಿ ಪತ್ರದಲ್ಲಿರುವಂತೆ ……… ಸಂಘ, ತನ್ನ ಪರವಾಗಿ ಮತ್ತು ಎಲ್ಲ ಫ್ಲ್ಯಾಟ್ ಮಾಲೀಕರ ಪರವಾಗಿ, ಅವರವರ ಹಕ್ಕಿನ ಮಟ್ಟಿಗೆ.
>
> 1. ಕಟ್ಟಡ: ಭಾರತ್ ಗೃಹ ರಕ್ಷಾ ಅಡಿಯಲ್ಲಿ. ಆರ್‌ಸಿಸಿ ಕಟ್ಟಡ, ನಿರ್ಮಾಣ ವರ್ಷ ………, ಎರಡು ಬ್ಲಾಕ್, ಒಂದು ಬೇಸ್‌ಮೆಂಟ್. ಒಟ್ಟು ಮೊತ್ತ ₹47.10 ಕೋಟಿ, ಬಾಬ್ತುವಾರು ಪಟ್ಟಿ ಮತ್ತು ಎಂಜಿನಿಯರ್ ವರದಿ ಲಗತ್ತಿಸಿದೆ. ಬೇಸ್‌ಮೆಂಟ್, ಲಾಬಿ, ಮೆಟ್ಟಿಲು, ಕಾಂಪೌಂಡ್, ಸಂಪು, ಟ್ಯಾಂಕ್, ಎಸ್‌ಟಿಪಿ, ಲಿಫ್ಟ್, ಜನರೇಟರ್ ಸೇರಿವೆಯೆಂದು ಷೆಡ್ಯೂಲಿನಲ್ಲಿ ನಮೂದಿಸಬೇಕು. ಬೇರೆ ಪಾಲಿಸಿಯಡಿ ಕೊಡುವುದಾದರೆ ಕಾರಣ ಮತ್ತು ಕಡಿಮೆ ವಿಮೆಯ ಕಡಿತದ ನಿಯಮವನ್ನು ಬರಹದಲ್ಲಿ ತಿಳಿಸಬೇಕು.
>
> 2. ಮಷಿನರಿ ಬ್ರೇಕ್‌ಡೌನ್: ನಾಲ್ಕು ಲಿಫ್ಟ್, ಹೊಸ ಬೆಲೆಯಲ್ಲಿ ₹96 ಲಕ್ಷ, ಜನರೇಟರ್ ಮತ್ತು ಪಂಪುಗಳಿಗೆ ಪ್ರತ್ಯೇಕ ದರ. ತಯಾರಿಕಾ ವರ್ಷ, ಸಾಮರ್ಥ್ಯ, ಲೈಸೆನ್ಸ್ ಸಂಖ್ಯೆ, ಎಎಂಸಿ ಪ್ರತಿ ಲಗತ್ತಿಸಿದೆ.
>
> 3. ಪಬ್ಲಿಕ್ ಲಯಬಿಲಿಟಿ (ನಾನ್-ಇಂಡಸ್ಟ್ರಿಯಲ್): ಒಂದು ಅಪಘಾತಕ್ಕೆ ₹1 ಕೋಟಿ, ವರ್ಷಕ್ಕೆ ₹2 ಕೋಟಿ. ಲಿಫ್ಟ್, ಈಜುಕೊಳ, ಆಟದ ಜಾಗ, ಕ್ಲಬ್‌ಹೌಸ್ ಒಳಗೊಂಡಿರಬೇಕು. ಸದಸ್ಯರು, ಕುಟುಂಬದವರು, ಬಾಡಿಗೆದಾರರು, ಮನೆಗೆಲಸದವರನ್ನು ಮೂರನೆಯವರೆಂದು ಪರಿಗಣಿಸಬೇಕು. ಈಗಿನ ರೆಟ್ರೋಆ್ಯಕ್ಟಿವ್ ದಿನಾಂಕ ……… ಮುಂದುವರಿಯಬೇಕು.
>
> 4. ಕಳೆದ ಐದು ವರ್ಷಗಳ ಕ್ಲೇಮು ವಿವರ ಈಗಿನ ಕಂಪನಿಯ ಪತ್ರದ ಸಮೇತ ಲಗತ್ತಿಸಿದೆ. ಬೇಸ್‌ಮೆಂಟಿಗೆ ನೀರು ನುಗ್ಗಿದ ಸಂದರ್ಭಗಳು, ಇವಿ ಚಾರ್ಜರ್, ಸೋಲಾರ್, ಪೈಪ್ ಗ್ಯಾಸ್ ವಿವರಗಳೂ ಅದರಲ್ಲಿವೆ.
>
> ಪ್ರತಿ ಬಾಬ್ತಿಗೂ ಪ್ರೀಮಿಯಂ, ಎಕ್ಸೆಸ್ ಮತ್ತು ಜಿಎಸ್‌ಟಿಯನ್ನು ಬೇರೆ ಬೇರೆಯಾಗಿ ತೋರಿಸಿ, ಪಾಲಿಸಿಯ ಪೂರ್ಣ ಪಠ್ಯದೊಂದಿಗೆ ……… ರೊಳಗೆ ಕಳುಹಿಸಬೇಕು. ಸ್ಥಳ ಪರಿಶೀಲನೆಗೆ ಎಸ್ಟೇಟ್ ಮ್ಯಾನೇಜರ್ ಲಭ್ಯರಿರುತ್ತಾರೆ.
>
> ಇಂತಿ ನಿಮ್ಮ ವಿಶ್ವಾಸಿ,
> ಕಾರ್ಯದರ್ಶಿ

ನಾಲ್ಕನೆಯ ಅಂಶವನ್ನು ಮುಚ್ಚಿಡಲು ಕಮಿಟಿಯಲ್ಲಿ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ: "ನೀರು ನುಗ್ಗಿದ್ದು ಹೇಳಿದರೆ ಪ್ರೀಮಿಯಂ ಏರಿಸುತ್ತಾರೆ." ಏರಿಸಬಹುದು. ಆದರೆ ಹೇಳದೆ ಬಿಟ್ಟ ವಿಷಯ ಸರ್ವೇಯರಿಗೆ ಗೇಟಿನ ಸೆಕ್ಯುರಿಟಿಯಿಂದಲೇ ತಿಳಿಯುತ್ತದೆ, ಆಗ ಇಡೀ ಕ್ಲೇಮಿಗೇ ಕುತ್ತು.

ಕೊಟೇಶನ್ ಬಂದ ಮೇಲೆ

ಪಾಲಿಸಿ ಮುಗಿಯುವ 45 ದಿನ ಮೊದಲು ಪತ್ರ ಹೋಗಲಿ. ಕಂಪನಿಗಳಿಗೆ ನೇರವಾಗಿ ಬರೆಯಿರಿ, ಇಲ್ಲವೇ ಐಆರ್‌ಡಿಎಐ ಪರವಾನಗಿ ಇರುವ ಒಬ್ಬ ಬ್ರೋಕರಿಗೆ ಅಧಿಕಾರ ಪತ್ರ ಕೊಡಿ. ಮೂವರು ಬ್ರೋಕರ್‌ಗಳು ಒಂದೇ ಕಂಪನಿಯ ಬಾಗಿಲು ತಟ್ಟಿದರೆ ಗೊಂದಲ ಹೆಚ್ಚುತ್ತದೆ ವಿನಾ ದರ ಇಳಿಯುವುದಿಲ್ಲ.

ಹೋಲಿಸುವಾಗ ಮೊದಲು ಎಕ್ಸೆಸ್ ನೋಡಿ, ಆಮೇಲೆ ಪ್ರೀಮಿಯಂ. ಮಷಿನರಿ ಪಾಲಿಸಿಯಲ್ಲಿ ಪ್ರತಿ ಲಿಫ್ಟಿಗೆ ₹1 ಲಕ್ಷ ಎಕ್ಸೆಸ್ ಇಟ್ಟು ಪ್ರೀಮಿಯಂ ಇಳಿಸಿದವರಿಂದ ₹90,000ದ ಡ್ರೈವಿಗೆ ಒಂದು ಪೈಸೆಯೂ ಬರುವುದಿಲ್ಲ. ಅವಶೇಷ ತೆರವು ಮತ್ತು ಆರ್ಕಿಟೆಕ್ಟ್ ಶುಲ್ಕವನ್ನು "ಉಚಿತ ಸೇರ್ಪಡೆ" ಎಂದು ತೋರಿಸುವ ಕೊಟೇಶನ್‌ಗಳಿಗೆ ಮರುಳಾಗಬೇಡಿ. ಗೃಹ ರಕ್ಷಾದಲ್ಲಿ ಕ್ಲೇಮಿನ ಶೇ 2 ಮತ್ತು ಶೇ 5ರವರೆಗೆ ಅವು ಮೊದಲೇ ಅಡಕವಾಗಿವೆ.

ಗೃಹಸಾಲದ ಜೊತೆ ಬ್ಯಾಂಕಿನಿಂದ ತಮ್ಮ ಫ್ಲ್ಯಾಟಿಗೆ ವಿಮೆ ಮಾಡಿಸಿರುವ ಮಾಲೀಕರು "ನಾನೇಕೆ ಎರಡು ಸಲ ಕಟ್ಟಲಿ?" ಎನ್ನುತ್ತಾರೆ. ಅವರ ಪಾಲಿಸಿ ಲಿಫ್ಟು, ಬೇಸ್‌ಮೆಂಟುಗಳ ನಷ್ಟವನ್ನು ಅಸೋಸಿಯೇಷನ್ನಿಗೆ ತುಂಬಿಕೊಡುವುದಿಲ್ಲ. ಹಾಗೆಯೇ ಅಸೋಸಿಯೇಷನ್ ಪಾಲಿಸಿ ಅವರ ಮನೆಯ ವಾರ್ಡ್‌ರೋಬ್, ಟಿವಿಗೆ ಕೊಡುವುದಿಲ್ಲ. ಗೋಡೆ, ಸೂರು ಎರಡರಲ್ಲೂ ಇದ್ದರೆ ನಷ್ಟವನ್ನು ಎರಡು ಕಂಪನಿಗಳು ಹಂಚಿಕೊಳ್ಳುತ್ತವೆ. ಎರಡು ಪಟ್ಟು ಹಣವೇನೂ ಬರುವುದಿಲ್ಲ.

ಕೊನೆಗೆ ಹಣ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ಮುನ್ನ ಕಂಪನಿ ಹೊಣೆ ಹೊರುವಂತಿಲ್ಲ. ಕೊಟೇಶನ್ ಒಪ್ಪಿ ಇಮೇಲ್ ಹಾಕಿದ್ದು, ಖಜಾಂಚಿ ಊರಿಗೆ ಹೋಗಿರುವುದು, ಇಬ್ಬರ ಸಹಿಯ ಚೆಕ್ಕು ಸೋಮವಾರ ಹೋಗುವುದು ಇವಕ್ಕೆಲ್ಲ ಬೆಲೆಯಿಲ್ಲ. ಹಳೆಯ ಪಾಲಿಸಿ ಶನಿವಾರ ಮಧ್ಯರಾತ್ರಿ ಮುಗಿಯುವುದಾದರೆ ಶುಕ್ರವಾರವೇ ಆನ್‌ಲೈನ್‌ನಲ್ಲಿ ಹಣ ಹೋಗಿ ರಸೀದಿ ಬಂದಿರಬೇಕು. ಷೆಡ್ಯೂಲ್ ಕೈಗೆ ಬಂದ ದಿನವೇ ಅದನ್ನು ಪತ್ರದ ಪಕ್ಕದಲ್ಲಿಟ್ಟು, ಹೆಸರು, ಮೊತ್ತ, ಬೇಸ್‌ಮೆಂಟ್, ಮೂರನೆಯವರ ಸಾಲು, ರೆಟ್ರೋಆ್ಯಕ್ಟಿವ್ ದಿನಾಂಕ ಒಂದೊಂದನ್ನೂ ತಾಳೆ ನೋಡಿ. ತಪ್ಪಿದ್ದರೆ ತಿದ್ದುಪಡಿಯ ಎಂಡಾರ್ಸ್‌ಮೆಂಟಿಗೆ ಅಂದೇ ಬರೆಯಿರಿ.